ಕೋರ್ಟಿಗೆ ಹೋಗದೆ ಮನೆ ಹರಾಜು: ನೋಟಿಸ್ ಕೊಟ್ಟ ಮೇಲೆ ಬ್ಯಾಂಕ್ ಮಾಡಬೇಕಾದ್ದೇನು?

ದಿನಪತ್ರಿಕೆಯ ಒಳಪುಟದಲ್ಲಿ ಒತ್ತೊತ್ತಾಗಿ ಅಚ್ಚಾದ 'ಸ್ವಾಧೀನ ನೋಟಿಸ್' ಅಥವಾ 'ಇ-ಹರಾಜು ಪ್ರಕಟಣೆ'ಯನ್ನು ನೀವೂ ನೋಡಿರುತ್ತೀರಿ. ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಸೈಟಿನ ನಂಬರು, ಪೂರ್ವಕ್ಕೆ ರಸ್ತೆ ಪಶ್ಚಿಮಕ್ಕೆ ಇಂಥವರ ಮನೆ ಎಂಬ ಚಕ್ಕುಬಂದಿ, ಕೊನೆಗೆ ಒಬ್ಬ 'ಅಧಿಕೃತ ಅಧಿಕಾರಿ'ಯ ಸಹಿ. ಆ ಸಹಿ ನ್ಯಾಯಾಧೀಶರದ್ದಲ್ಲ. ಸಾಲ ಕೊಟ್ಟ ಬ್ಯಾಂಕಿನ ಅಧಿಕಾರಿಯದ್ದೇ.

ಇದಕ್ಕೆ ಅವಕಾಶ ಕೊಟ್ಟಿರುವುದು 2002ರ ಸರ್ಫೇಸಿ ಕಾಯ್ದೆ. ಅಡಮಾನ ಇಟ್ಟುಕೊಂಡ ಬ್ಯಾಂಕ್ ಕೋರ್ಟಿನ ಅಥವಾ ನ್ಯಾಯಮಂಡಳಿಯ ಮೂಲಕ ಹೋಗದೆ ತಾನೇ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು ಮಾರಬಹುದು ಎಂದು ಅದರ 13ನೇ ಸೆಕ್ಷನ್ ಹೇಳುತ್ತದೆ. ಅದಕ್ಕೂ ಮೊದಲು ಬ್ಯಾಂಕ್ ದಾವೆ ಹೂಡಬೇಕಿತ್ತು. ತೀರ್ಪು ಬರಲು ವರ್ಷಗಳೇ ಹಿಡಿಯುತ್ತಿದ್ದವು. ಬ್ಯಾಂಕಿನಲ್ಲಿರುವುದು ಠೇವಣಿದಾರರ ದುಡ್ಡು. ಅದು ವಾಪಸ್ ಬರಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಕಾಯ್ದೆ ಬಂದಮೇಲೆ, ಸಾಲ ಕೆಟ್ಟಿದೆ ಎಂದು ತೀರ್ಮಾನಿಸುವವರು, ಎಷ್ಟು ಬಾಕಿ ಎಂದು ಲೆಕ್ಕ ಹಾಕುವವರು, ಸಾಲಗಾರರ ಆಕ್ಷೇಪಣೆ ಕೇಳುವವರು, ಕೊನೆಗೆ ಮಾರುವವರು ಎಲ್ಲಾ ಒಬ್ಬರೇ ಆಗಿದ್ದಾರೆ. ಕೋರ್ಟಿನ ಕೆಲಸ ಬ್ಯಾಂಕಿನ ಕೈಗೆ ಬಂದಿದೆ ಅಂದರೆ, ಕೋರ್ಟು ತೋರಿಸಬೇಕಿದ್ದ ಎಚ್ಚರಿಕೆಯೂ ಬ್ಯಾಂಕಿನ ಕೈಗೇ ಬರಬೇಕು, ಅಲ್ವಾ? ಕಾಯ್ದೆಯೂ ಅದನ್ನೇ ಬಯಸುತ್ತದೆ. ಗ್ರಾಹಕರ ವಿಷಯದಲ್ಲಿ ಬ್ಯಾಂಕಿಗೆ ಮೊದಲಿನಿಂದಲೂ ಇರುವ ಹೊಣೆಗಳು ಇಲ್ಲಿ ಪರೀಕ್ಷೆಗೆ ಒಳಗಾಗುತ್ತವೆ.

ಇದು ಹೇಗೆ ಎಂದು ತಿಳಿಯಲು ಒಂದು ಉದಾಹರಣೆಯನ್ನು ತಾರೀಖು ಸಮೇತ ನೋಡೋಣ. ಲೆಕ್ಕ ಅರ್ಥವಾಗಲಿ ಎಂದು ನಾನೇ ಕಟ್ಟಿಕೊಂಡದ್ದು ಇದು.

ತುಮಕೂರಿನ ಒಬ್ಬ ಸಣ್ಣ ಗುತ್ತಿಗೆದಾರರು 2019ರ ಜನವರಿಯಲ್ಲಿ 35 ಲಕ್ಷ ರೂಪಾಯಿ ಗೃಹ ಸಾಲ ಪಡೆದರು. ಬಡ್ಡಿ ಶೇ 9, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 31,490 ರೂಪಾಯಿ. ಪ್ರತಿ ತಿಂಗಳ 5ನೇ ತಾರೀಖು ಕಟ್ಟಬೇಕು. ಹೆಂಡತಿ ಜಾಮೀನುದಾರರು. ಅದೇ ಶಾಖೆಯಲ್ಲಿ ಅವರದ್ದೊಂದು ವಾಹನ ಸಾಲವೂ ಇದೆ. ಆರು ವರ್ಷ ಕಂತು ತಪ್ಪಲಿಲ್ಲ. ಅಸಲಿನಲ್ಲಿ ಇನ್ನೂ ಸುಮಾರು 30 ಲಕ್ಷ ಉಳಿದಿದೆ. 2025ರ ಜನವರಿ ಹೊತ್ತಿಗೆ ಬರಬೇಕಿದ್ದ ಬಿಲ್ಲುಗಳು ನಿಂತುಹೋದವು. ಜನವರಿ 5ರ ಕಂತು ತಪ್ಪಿತು. ಫೆಬ್ರುವರಿಯದ್ದೂ ತಪ್ಪಿತು, ಮಾರ್ಚಿನದ್ದೂ ತಪ್ಪಿತು.

ಈಗ ರಿಸರ್ವ್ ಬ್ಯಾಂಕಿನ ದಿನಗಳ ಲೆಕ್ಕ ಶುರುವಾಗುತ್ತದೆ. ಕಂತು ತಪ್ಪಿ 30 ದಿನ ತುಂಬಿದರೆ ಖಾತೆಗೆ 'ಎಸ್‌ಎಂಎ-1' ಎಂಬ ಎಚ್ಚರಿಕೆಯ ಗುರುತು ಬೀಳುತ್ತದೆ. 60 ದಿನಕ್ಕೆ 'ಎಸ್‌ಎಂಎ-2'. 90 ದಿನ ತುಂಬಿದ ದಿನ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಜನವರಿ 5ರಿಂದ ಎಣಿಸಿದರೆ ಇವು ಫೆಬ್ರುವರಿ 4, ಮಾರ್ಚ್ 6 ಮತ್ತು ಏಪ್ರಿಲ್ 5. ದಿನದ ಕೊನೆಗೆ ಬ್ಯಾಂಕಿನ ಕಂಪ್ಯೂಟರು ಲೆಕ್ಕ ಮುಗಿಸುವಾಗ ಈ ಗುರುತು ತಾನಾಗಿಯೇ ಬೀಳುತ್ತದೆ. ಮ್ಯಾನೇಜರ್ ಎಷ್ಟೇ ಪರಿಚಯದವರಾದರೂ ಅದನ್ನು ತಡೆಯಲು ಆಗುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಎಡವುವುದು ಇಲ್ಲೇ. ದಿನ ಎಣಿಸುವುದು ಅತಿ ಹಳೆಯ ಬಾಕಿ ಕಂತಿನಿಂದ. ಎನ್‌ಪಿಎ ಆಗುವ ಮೊದಲು ಒಂದು ಕಂತು ಕಟ್ಟಿದರೂ ಅದು ಹಳೆಯ ಬಾಕಿಗೆ ಹೋಗುತ್ತದೆ, ಎಣಿಕೆ ಒಂದು ತಿಂಗಳು ಮುಂದಕ್ಕೆ ಜರುಗುತ್ತದೆ. ಎನ್‌ಪಿಎ ಆದಮೇಲೆ ಒಂದೆರಡು ಕಂತು ಕಟ್ಟಿದರೆ ಖಾತೆ ಸರಿಹೋಗುವುದಿಲ್ಲ. ಬಾಕಿ ಬಿದ್ದ ಕಂತುಗಳು ಬಡ್ಡಿ ಸಮೇತ ಪೂರ್ತಿ ಚುಕ್ತಾ ಆಗಬೇಕು. ಇದನ್ನು ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿದೆ. ಏಪ್ರಿಲ್ 4ಕ್ಕೆ ಕಟ್ಟಿದ 31,490 ರೂಪಾಯಿಗೆ ಇರುವ ಬೆಲೆ ಏಪ್ರಿಲ್ 6ಕ್ಕೆ ಕಟ್ಟಿದ ಅಷ್ಟೇ ದುಡ್ಡಿಗೆ ಇರುವುದಿಲ್ಲ.

ನಮ್ಮ ಗುತ್ತಿಗೆದಾರರು ಮಾರ್ಚ್ 20ರಂದು ಎಲ್ಲಿಂದಲೋ ದುಡ್ಡು ಹೊಂದಿಸಿ ಎರಡು ಕಂತು, ಅಂದರೆ 62,980 ರೂಪಾಯಿ, ಶಾಖೆಯಲ್ಲಿ ಕಟ್ಟಿದರು. ಚಲನ್‌ನಲ್ಲಿ ಗೃಹ ಸಾಲದ ಖಾತೆ ಸಂಖ್ಯೆಯನ್ನೇ ಬರೆದರು. ಆದರೆ ಶಾಖೆಯವರು ಆ ದುಡ್ಡನ್ನು ವಾಹನ ಸಾಲಕ್ಕೆ ಜಮಾ ಮಾಡಿದರು. ಅದರಲ್ಲೂ ಬಾಕಿ ಇತ್ತು, ಆದರೆ ಮೇ 2ಕ್ಕೆ 90 ದಿನ ತುಂಬುವಷ್ಟು ಹಳೆಯದಲ್ಲ ಅನ್ನಿ. ಏಪ್ರಿಲ್ 5ಕ್ಕೆ ಗೃಹ ಸಾಲ ಎನ್‌ಪಿಎ ಆಯಿತು. ಮೇ 2ರ ತಾರೀಖಿನ ಬೇಡಿಕೆ ನೋಟಿಸ್ ಮನೆಗೆ ಬಂತು. ಇಷ್ಟು ಬಾಕಿ ಇದೆ, 60 ದಿನದೊಳಗೆ ಪೂರ್ತಿ ಕಟ್ಟಿ, ಇಲ್ಲವಾದರೆ ಈ ಮನೆಯ ಮೇಲೆ ಕ್ರಮ ಎಂದು.

ಮೇಲುನೋಟಕ್ಕೆ ಇದು ಗುಮಾಸ್ತರೊಬ್ಬರು ಮಾಡಿದ ಸಣ್ಣ ಎಡವಟ್ಟು. ಆದರೆ ಲೆಕ್ಕ ಹಾಕಿ ನೋಡಿ. ದುಡ್ಡು ಸರಿಯಾದ ಖಾತೆಗೆ ಹೋಗಿದ್ದರೆ ಜನವರಿ, ಫೆಬ್ರುವರಿ ಕಂತು ತೀರುತ್ತಿತ್ತು. ಹಳೆಯ ಬಾಕಿ ಎಂದರೆ ಮಾರ್ಚ್ 5ರದ್ದು. ಅಲ್ಲಿಂದ 90 ದಿನ ತುಂಬುವುದು ಜೂನ್ 3ಕ್ಕೆ. ಹಾಗಾದರೆ ಮೇ 2ರಂದು ಖಾತೆ ಎನ್‌ಪಿಎ ಆಗಿರಲೇ ಇಲ್ಲ! 13(2)ನೇ ಸೆಕ್ಷನ್ ಪ್ರಕಾರ ಎನ್‌ಪಿಎ ಎಂದು ವರ್ಗವಾದ ಸಾಲಕ್ಕೆ ಮಾತ್ರ ಬೇಡಿಕೆ ನೋಟಿಸ್ ಕೊಡಬಹುದು. ಬುಡವೇ ಇಲ್ಲದ ನೋಟಿಸಿನ ಮೇಲೆ ಮುಂದಿನದ್ದೆಲ್ಲ ನಿಂತಿದೆ.

'ಎರಡೂ ಸಾಲ ನಮ್ಮದೇ, ಯಾವುದಕ್ಕೆ ಹಾಕಿದರೇನು' ಎಂದು ಬ್ಯಾಂಕ್ ಹೇಳಬಹುದಾ? ಹೇಳಲು ಬರುವುದಿಲ್ಲ. ಇದು ಬ್ಯಾಂಕಿನ ಹಳೆಯ ಹೊಣೆಗಳಲ್ಲಿ ಒಂದು. 1872ರ ಕರಾರು ಕಾಯ್ದೆಯ 59ನೇ ಸೆಕ್ಷನ್ ಹೀಗೆ ಹೇಳುತ್ತದೆ: ಒಬ್ಬರಿಗೆ ಬೇರೆ ಬೇರೆ ಸಾಲ ಇರುವಾಗ, ಯಾವುದಕ್ಕೆ ಕಟ್ಟುತ್ತಿದ್ದೇನೆ ಎಂದು ತಿಳಿಸಿಯೇ ದುಡ್ಡು ಕೊಟ್ಟರೆ, ಅದನ್ನು ಸ್ವೀಕರಿಸಿದ ಸಾಲದಾತರು ಆ ಸಾಲಕ್ಕೇ ಜಮಾ ಮಾಡಬೇಕು. ಸಾಲಗಾರರು ಏನೂ ತಿಳಿಸದಿದ್ದರೆ, ಸಂದರ್ಭವೂ ಏನನ್ನೂ ಸೂಚಿಸದಿದ್ದರೆ, ಆಗ 60ನೇ ಸೆಕ್ಷನ್ ಪ್ರಕಾರ ಆಯ್ಕೆ ಬ್ಯಾಂಕಿನದ್ದು. ಇಬ್ಬರೂ ಹೇಳದಿದ್ದರೆ ಹಳೆಯ ಸಾಲ ಮೊದಲು. ಚಲನ್‌ನಲ್ಲಿ ಬರೆದ ಖಾತೆ ಸಂಖ್ಯೆ ಸುಮ್ನೆ ತುಂಬಿದ ಒಂದು ಅಂಕಣ ಅಲ್ಲ. ಅದು ಗ್ರಾಹಕರು ಕೊಟ್ಟ ಸೂಚನೆ. ಆ ಚಲನ್‌ನ ಕೌಂಟರ್‌ಫಾಯಿಲ್ ಇಟ್ಟುಕೊಂಡವರಿಗೂ ಇಟ್ಟುಕೊಳ್ಳದವರಿಗೂ ಇರುವ ವ್ಯತ್ಯಾಸ ಇಲ್ಲಿ ಒಂದು ಮನೆಯಷ್ಟು ದೊಡ್ಡದು.

ಹೀಗೆ ತಪ್ಪು ಕಂಡುಬಂದಾಗ ಹೇಳುವುದು ಯಾರಿಗೆ? ಬೇಡಿಕೆ ನೋಟಿಸ್ ಬಂದ ಕೂಡಲೇ ಋಣ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಓಡಲು ಬರುವುದಿಲ್ಲ. ಆ ಬಾಗಿಲು ತೆರೆಯುವುದು ಸ್ವಾಧೀನದಂಥ ಕ್ರಮ ಆದಮೇಲೆ. ಸಿವಿಲ್ ಕೋರ್ಟಿನ ಬಾಗಿಲನ್ನು 34ನೇ ಸೆಕ್ಷನ್ ಮುಚ್ಚಿದೆ. ಹಾಗಾಗಿ ಮೊದಲು ಹೇಳಬೇಕಾದ್ದು ನೋಟಿಸ್ ಕೊಟ್ಟ ಬ್ಯಾಂಕಿಗೇ. 13(3ಎ) ಸೆಕ್ಷನ್ ಇರುವುದು ಅದಕ್ಕೇ. ಸಾಲಗಾರರು ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ ಅದನ್ನು ಪರಿಶೀಲಿಸಬೇಕು. ಒಪ್ಪದಿದ್ದರೆ, ಯಾಕೆ ಒಪ್ಪುವುದಿಲ್ಲ ಎಂಬ ಕಾರಣವನ್ನು 15 ದಿನದೊಳಗೆ ತಿಳಿಸಬೇಕು.

ಈ ಸೆಕ್ಷನ್ ಮೂಲ ಕಾಯ್ದೆಯಲ್ಲಿ ಇರಲಿಲ್ಲ. ಆಗ ನೋಟಿಸ್ ಬಂದರೆ ಸಾಲಗಾರರಿಗೆ ಮಾತೇ ಇಲ್ಲ. ಸ್ವಾಧೀನ ಆದಮೇಲೆ ಡಿಆರ್‌ಟಿಗೆ ಹೋಗಬಹುದಿತ್ತು, ಆದರೆ ಅದಕ್ಕೆ ಬ್ಯಾಂಕ್ ಕೇಳಿದ ಮೊತ್ತದ ಶೇ 75ರಷ್ಟು ಮೊದಲೇ ಠೇವಣಿ ಇಡಬೇಕಿತ್ತು. ಅಷ್ಟು ದುಡ್ಡು ಇದ್ದಿದ್ದರೆ ಯಾರಾದರೂ ಅಲ್ಲಿಗೆ ಯಾಕೆ ಹೋಗುತ್ತಿದ್ದರು? ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 8ರಂದು ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಆ ಶೇ 75ರ ಷರತ್ತನ್ನು ರದ್ದು ಮಾಡಿತು. ಸಾಲಗಾರರ ಆಕ್ಷೇಪಣೆಯನ್ನು ಬ್ಯಾಂಕ್ ಮನಸ್ಸಿಟ್ಟು ನೋಡಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು ಎಂದೂ ಹೇಳಿತು. ಅದೇ ವರ್ಷ ಆ ಮಾತು 13(3ಎ) ಆಗಿ ಕಾಯ್ದೆಯೊಳಗೆ ಬಂತು. ಮೊದಲು ಉತ್ತರಕ್ಕೆ ಒಂದು ವಾರ ಗಡುವು ಇತ್ತು, ಆಮೇಲೆ 15 ದಿನ ಆಯಿತು.

ಇಷ್ಟು ಕಷ್ಟಪಟ್ಟು ಬಂದ ಈ ಸೆಕ್ಷನ್ನನ್ನು ಎರಡೂ ಕಡೆಯವರು ಹಾಳು ಮಾಡುತ್ತಿದ್ದಾರೆ ಎಂಬುದು ನನ್ನ ಬೇಸರ. ಸಾಲಗಾರರು ಬರೆಯುವುದು ಹೀಗೆ: 'ವ್ಯಾಪಾರ ನಷ್ಟವಾಗಿದೆ, ಆರು ತಿಂಗಳು ಸಮಯ ಕೊಡಿ.' ಇದು ಮನವಿ, ಆಕ್ಷೇಪಣೆ ಅಲ್ಲ. ಇದರಲ್ಲಿ ಬ್ಯಾಂಕಿನ ಯಾವ ತಪ್ಪೂ ಕಾಣುವುದಿಲ್ಲ, ಸಾಲ ಬಾಕಿ ಇರುವುದನ್ನು ಒಪ್ಪಿಕೊಂಡಂತೆಯೂ ಆಗುತ್ತದೆ. ಬ್ಯಾಂಕುಗಳು ಕೊಡುವ ಉತ್ತರವೋ, 'ನಿಮ್ಮ ಪತ್ರವನ್ನು ಪರಿಶೀಲಿಸಲಾಗಿದೆ, ಒಪ್ಪಲು ಸಾಧ್ಯವಿಲ್ಲ' ಎಂಬ ಎರಡು ಸಾಲು. ಹೆಸರು ಬದಲಿಸಿ ಎಲ್ಲರಿಗೂ ಕಳಿಸಬಹುದಾದ ಉತ್ತರ. ಕಾರಣ ಎಲ್ಲಿದೆ ಅದರಲ್ಲಿ?

ನಮ್ಮ ಗುತ್ತಿಗೆದಾರರು ಹಾಗೆ ಬರೆಯಬಾರದು. ಮಾರ್ಚ್ 20ರಂದು ಇಂಥ ಖಾತೆ ಸಂಖ್ಯೆ ಬರೆದು 62,980 ರೂಪಾಯಿ ಕಟ್ಟಿದ್ದೇನೆ, ಪ್ರತಿ ಲಗತ್ತಿಸಿದ್ದೇನೆ, ಅದನ್ನು ಬೇರೆ ಸಾಲಕ್ಕೆ ಜಮಾ ಮಾಡಿದ್ದೀರಿ, ಸರಿಪಡಿಸಿದರೆ ಮೇ 2ಕ್ಕೆ ಖಾತೆ ಎನ್‌ಪಿಎ ಆಗುವುದಿಲ್ಲ, ಆದ್ದರಿಂದ ನೋಟಿಸ್ ವಾಪಸ್ ಪಡೆಯಿರಿ. ಇಷ್ಟೇ, ಅರ್ಧ ಪುಟ. ಇದರ ಜೊತೆ ಖಾತೆಯ ಪೂರ್ತಿ ವಿವರವನ್ನೂ ಕೇಳಬೇಕು, ಯಾಕೆಂದರೆ ಬೇರೆ ತಪ್ಪುಗಳು ಸಿಗುವುದು ಅದರಲ್ಲಿ. ಉದಾಹರಣೆಗೆ ದಂಡದ ಬಡ್ಡಿ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಹೊರಡಿಸಿದ ನಿಯಮದ ಪ್ರಕಾರ ಕಂತು ತಪ್ಪಿದ್ದಕ್ಕೆ ಬಡ್ಡಿ ದರವನ್ನೇ ಏರಿಸಿ ದಂಡ ಹಾಕುವಂತಿಲ್ಲ. ದಂಡವನ್ನು ಬೇರೆ ಶುಲ್ಕವಾಗಿ ತೋರಿಸಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕಬಾರದು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಹಳೆಯ ಸಾಲಗಳಿಗೂ ಅದೇ ವರ್ಷದ ಜೂನ್ ಕೊನೆಯೊಳಗೆ ಅನ್ವಯಿಸಬೇಕಿತ್ತು.

ಹೆಂಡತಿಗೂ ನೋಟಿಸ್ ಬಂದಿದೆಯಾ ಎಂದು ನೋಡಬೇಕು. ಈ ಕಾಯ್ದೆಯಲ್ಲಿ 'ಸಾಲಗಾರ' ಎಂಬ ಪದದಲ್ಲಿ ಜಾಮೀನುದಾರರೂ ಸೇರುತ್ತಾರೆ. ನೋಟಿಸ್ ಅವರಿಗೂ ತಲುಪಬೇಕು. ಹಾಗಂತ ಬಂದ ನೋಟಿಸನ್ನು ಪೋಸ್ಟ್‌ಮ್ಯಾನ್ ಕೈಯಲ್ಲೇ ವಾಪಸ್ ಕಳಿಸಿದರೆ ಬಚಾವಾಗಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಕಂಡರೆ ಬಾಗಿಲಿಗೆ ಅಂಟಿಸಿ, ಪತ್ರಿಕೆಯಲ್ಲಿ ಹಾಕಿ ತಲುಪಿಸಲು ನಿಯಮದಲ್ಲಿ ದಾರಿಯಿದೆ. ಕಳೆದುಹೋಗುವುದು ನಿಮ್ಮ ದಿನಗಳೇ.

ಗುತ್ತಿಗೆದಾರರ ಆಕ್ಷೇಪಣೆ ಮೇ 20ರಂದು ಬ್ಯಾಂಕಿಗೆ ತಲುಪಿತು, ಸ್ವೀಕೃತಿ ಸೀಲು ಬಿತ್ತು ಎಂದುಕೊಳ್ಳೋಣ. ಜೂನ್ 4ರೊಳಗೆ ಉತ್ತರ ಬರಬೇಕಿತ್ತು. ಬರಲಿಲ್ಲ. 60 ದಿನ ಜುಲೈ 1ಕ್ಕೆ ಮುಗಿಯಿತು. ಜುಲೈ 8ರಂದು ಬ್ಯಾಂಕಿನವರು ಬಂದು ಗೇಟಿಗೆ ಸ್ವಾಧೀನ ನೋಟಿಸ್ ಅಂಟಿಸಿ ಹೋದರು.

ಗೇಟಿಗೆ ಕಾಗದ ಅಂಟಿದ ದಿನ ಮನೆಯವರ ಎದೆ ಒಡೆಯುತ್ತದೆ. ಆದರೆ ಇದು ಸಾಂಕೇತಿಕ ಸ್ವಾಧೀನ. ಮನೆಯೊಳಗೆ ಅವರೇ ಇರುತ್ತಾರೆ. ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ, ಒಂದು ಸ್ಥಳೀಯ ಭಾಷೆಯದ್ದರಲ್ಲಿ, ಇದು ಪ್ರಕಟವಾಗಬೇಕು. ಡಿಆರ್‌ಟಿಯ ಬಾಗಿಲು ತೆರೆಯುವುದೂ ಇಲ್ಲೇ. 17ನೇ ಸೆಕ್ಷನ್ ಪ್ರಕಾರ ಈ ಕ್ರಮದಿಂದ 45 ದಿನದೊಳಗೆ ಅರ್ಜಿ ಹಾಕಬೇಕು. ನಮ್ಮ ಲೆಕ್ಕದಲ್ಲಿ ಆಗಸ್ಟ್ 22. ಬೀಗ ಹಾಕಲು ಬಂದಾಗ ನೋಡಿಕೊಳ್ಳೋಣ ಎಂದು ಕೂತವರು ಈ ತಾರೀಖನ್ನು ಕಳೆದುಕೊಳ್ಳುತ್ತಾರೆ. ಕರ್ನಾಟಕದವರು ಹೋಗಬೇಕಾದ್ದು ಬೆಂಗಳೂರಿನ ಡಿಆರ್‌ಟಿಗೆ. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಗೆ. ಆ ಮೇಲ್ಮನವಿಗೆ ಬಾಕಿಯ ಶೇ 50ರಷ್ಟು ಠೇವಣಿ ಇಡಬೇಕು, ಅದನ್ನು ಕಾರಣ ಕೊಟ್ಟು ಶೇ 25ರವರೆಗೆ ಇಳಿಸಬಹುದು. ಹಾಗಾಗಿ ಸಾಮಾನ್ಯ ಕುಟುಂಬಕ್ಕೆ ಡಿಆರ್‌ಟಿಯೇ ಹೆಚ್ಚುಕಮ್ಮಿ ಮೊದಲ ಮತ್ತು ಕೊನೆಯ ಅವಕಾಶ.

ನಿಜವಾಗಿ ಮನೆ ಖಾಲಿ ಮಾಡಿಸಬೇಕಾದರೆ ಬ್ಯಾಂಕಿಗೆ ಸಾಮಾನ್ಯವಾಗಿ ಸರ್ಕಾರದ ನೆರವು ಬೇಕು. 14ನೇ ಸೆಕ್ಷನ್ ಅಡಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಗೆ, ಅರ್ಜಿ ಹೋಗುತ್ತದೆ. ಅವರು ವಿವಾದ ಬಗೆಹರಿಸುವುದಿಲ್ಲ. ಸಾಲಗಾರರ ವಾದ ಕೇಳುವ ಹಂತವೂ ಅದಲ್ಲ. ಕಾಗದಪತ್ರ ಸರಿ ಇದೆಯಾ ನೋಡಿ ಆದೇಶ ಮಾಡುತ್ತಾರೆ. ಆದರೆ ಆ ಅರ್ಜಿಯ ಜೊತೆ ಬ್ಯಾಂಕಿನ ಅಧಿಕೃತ ಅಧಿಕಾರಿ ಒಂಬತ್ತು ಅಂಶಗಳ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಕೊಡಬೇಕು. ಖಾತೆ ಎನ್‌ಪಿಎ ಎಂದು ವರ್ಗವಾಗಿದೆ ಎಂಬುದು ಅದರಲ್ಲಿ ಒಂದು. ಸಾಲಗಾರರ ಆಕ್ಷೇಪಣೆಯನ್ನು ಪರಿಗಣಿಸಿ, ಒಪ್ಪದ ಕಾರಣವನ್ನು ಅವರಿಗೆ ತಿಳಿಸಲಾಗಿದೆ ಎಂಬುದು ಇನ್ನೊಂದು.

ಮೇ 20ರ ಸೀಲು ಬಿದ್ದ ಪ್ರತಿಯ ಬೆಲೆ ಈಗ ಗೊತ್ತಾಗುತ್ತದೆ. ಉತ್ತರ ಕೊಡದ ಅಧಿಕಾರಿ ಈ ಪ್ರಮಾಣಪತ್ರಕ್ಕೆ ಹೇಗೆ ಸಹಿ ಹಾಕುತ್ತಾರೆ? ಹಾಕಿದರೆ ಅದು ಸುಳ್ಳು ಪ್ರಮಾಣ. ಹಾಕದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಡಿಆರ್‌ಟಿಯಲ್ಲಿ ವಕೀಲರು ಮೊದಲು ತರಿಸಬೇಕಾದ ಕಾಗದ ಈ ಪ್ರಮಾಣಪತ್ರ. ಹಾಗಂತ ಉತ್ತರ ಬಾರದ ಒಂದೇ ಕಾರಣಕ್ಕೆ ಎಲ್ಲಾ ಕ್ರಮವೂ ಬಿದ್ದುಹೋಗುತ್ತದೆ ಎಂದುಕೊಳ್ಳಬಾರದು. ಐಟಿಸಿ ಮತ್ತು ಬ್ಲೂ ಕೋಸ್ಟ್ ಹೋಟೆಲ್ಸ್ ನಡುವಿನ 2018ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಡುವುದು ಕಡ್ಡಾಯ ಎಂದೇ ಹೇಳಿತು. ಆದರೂ ಆ ಸಾಲಗಾರರಿಗೆ ಬೇಕಾದಷ್ಟು ಅವಕಾಶ ಸಿಕ್ಕಿತ್ತು ಎಂಬುದನ್ನು ನೋಡಿ ಅವರ ವಾದವನ್ನು ಒಪ್ಪಲಿಲ್ಲ. ಸುಮ್ಮನೆ ಸಮಯ ಕೇಳಿದವರಿಗೂ, ಎನ್‌ಪಿಎ ಲೆಕ್ಕವೇ ತಪ್ಪು ಎಂದು ದಾಖಲೆ ಸಮೇತ ತೋರಿಸಿದವರಿಗೂ ವ್ಯತ್ಯಾಸ ಇರುವುದು ಅದಕ್ಕೇ. ಎರಡನೆಯವರಿಗೆ ಉತ್ತರ ಕೊಡದಿದ್ದರೆ ನಿಜವಾದ ಅನ್ಯಾಯ ಆಗುತ್ತದೆ. ಬ್ಯಾಂಕಿನ ಕ್ರಮ ಕಾಯ್ದೆಯಂತೆ ನಡೆದಿಲ್ಲ ಎಂದು ಕಂಡುಬಂದರೆ ಸ್ವಾಧೀನವನ್ನು ರದ್ದು ಮಾಡಿ ಆಸ್ತಿಯನ್ನು ವಾಪಸ್ ಕೊಡಿಸುವ ಅಧಿಕಾರ ಡಿಆರ್‌ಟಿಗೆ ಇದೆ.

ಇನ್ನು ಬ್ಯಾಂಕಿನ ಲೆಕ್ಕ ಸರಿಯಾಗಿಯೇ ಇತ್ತು, ಮಾರ್ಚ್ 20ರ ದುಡ್ಡಿನ ತಕರಾರು ಇರಲೇ ಇಲ್ಲ ಎಂದುಕೊಳ್ಳೋಣ. ಆಗ ಉಳಿಯುವುದು ಒಂದೇ ಪ್ರಶ್ನೆ: ಪೂರ್ತಿ ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳಲು ಎಲ್ಲಿಯವರೆಗೆ ಸಮಯ ಇದೆ?

ಹರಾಜಿನ ದಿನದವರೆಗೆ ಎಂದು ಬಹಳ ಜನ ನಂಬಿದ್ದಾರೆ. ಹಿಂದೆ ಹಾಗೆಯೇ ಇತ್ತು. ಮಾರಾಟಕ್ಕೆ ಗೊತ್ತು ಮಾಡಿದ ದಿನದ ಮೊದಲು ಬಾಕಿ ಮತ್ತು ಖರ್ಚು ಕಟ್ಟಿದರೆ ಮಾರುವಂತಿರಲಿಲ್ಲ. 2016ರಲ್ಲಿ 13(8)ನೇ ಸೆಕ್ಷನ್ ಬದಲಾಯಿತು. ಈಗ ಹರಾಜಿನ ಪ್ರಕಟಣೆ ಹೊರಬೀಳುವ ದಿನಕ್ಕೆ ಮೊದಲೇ ಕಟ್ಟಬೇಕು. ಕೆಲವೇ ಪದಗಳ ಬದಲಾವಣೆ, ಆದರೆ ಅದು ಕನಿಷ್ಠ 30 ದಿನವನ್ನು ನುಂಗಿತು. ಪ್ರಕಟಣೆಗೂ ಮೊದಲ ಹರಾಜಿಗೂ ನಡುವೆ 30 ದಿನ ಇರಬೇಕು ಎಂಬುದು ನಿಯಮ. ಸಾಲಗಾರರಿಗೂ 30 ದಿನದ ಮಾರಾಟ ನೋಟಿಸ್ ಬರುತ್ತದೆ. ಅದನ್ನು ನೋಡಿದವರು 'ಇನ್ನೂ ಒಂದು ತಿಂಗಳು ಇದೆ' ಎಂದುಕೊಂಡು ದುಡ್ಡು ಹೊಂದಿಸಲು ಹೊರಡುತ್ತಾರೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದಿದ್ದರೆ ಅವರ ಹಕ್ಕು ಆಗಲೇ ಮುಗಿದಿರುತ್ತದೆ.

ಸೆಲಿರ್ ಮತ್ತು ಬಾಫ್ನಾ ಮೋಟರ್ಸ್ ನಡುವಿನ ಪ್ರಕರಣದಲ್ಲಿ ಇದು ಖಚಿತವಾಯಿತು. ಹರಾಜಿನಲ್ಲಿ ಸೆಲಿರ್ 105.05 ಕೋಟಿ ರೂಪಾಯಿಗೆ ಕೂಗಿ ಗೆದ್ದಿತ್ತು. ಆಮೇಲೆ ಸಾಲಗಾರ ಕಂಪನಿ 129 ಕೋಟಿ ಕೊಡುತ್ತೇನೆ ಎಂದು ಮುಂದೆ ಬಂತು. ಬ್ಯಾಂಕಿಗೂ ಜಾಸ್ತಿ ದುಡ್ಡು, ಸಾಲಗಾರರಿಗೂ ಆಸ್ತಿ ಉಳಿಯುತ್ತದೆ. ಬಾಂಬೆ ಹೈಕೋರ್ಟ್ ಒಪ್ಪಿತು. ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 21ರಂದು ಅದನ್ನು ತಳ್ಳಿಹಾಕಿತು. ಪ್ರಕಟಣೆಯೊಂದಿಗೆ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ, ಹರಾಜಿನಲ್ಲಿ ಗೆದ್ದವರನ್ನು ಬದಿಗಿಟ್ಟು ಬ್ಯಾಂಕ್ ಸಾಲಗಾರರ ಜೊತೆ ಬೇರೆ ಒಪ್ಪಂದ ಮಾಡಿಕೊಳ್ಳುವಂತಿಲ್ಲ ಎಂದಿತು. ಹರಾಜಿಗೆ ನಂಬಿಕೆ ಇರಬೇಕು, ಇಲ್ಲದಿದ್ದರೆ ಒಳ್ಳೆಯ ಬೆಲೆ ಕೊಡುವವರು ಬರುವುದಿಲ್ಲ ಎಂಬ ಕಾರಣ ನನಗೂ ಸರಿ ಎನಿಸುತ್ತದೆ. ಆದರೆ ಯಾವ ದಿನ ಪ್ರಕಟಣೆ ಹಾಕಬೇಕು ಎಂಬುದು ಬ್ಯಾಂಕಿನ ಕೈಯಲ್ಲಿದೆ. ಸಾಲಗಾರರಿಗೆ ಅದು ಮೊದಲೇ ಗೊತ್ತಾಗುವುದಿಲ್ಲ. ನಾನು ಬ್ಯಾಂಕಿನ ಕುರ್ಚಿಯಲ್ಲಿ ಇದ್ದಿದ್ದರೆ, 'ಇಂಥ ದಿನ ಪ್ರಕಟಣೆ ಕೊಡುತ್ತೇವೆ, ಅದರ ಹಿಂದಿನ ದಿನ ನಿಮಗೆ ಕೊನೆ' ಎಂದು ಒಂದು ಪತ್ರ ಬರೆಯುತ್ತಿದ್ದೆ. ಕಾಯ್ದೆ ಅದನ್ನು ಕೇಳುವುದಿಲ್ಲ. ಗ್ರಾಹಕರ ಜೊತೆ ಆರು ವರ್ಷ ವ್ಯವಹಾರ ಮಾಡಿದ ಬ್ಯಾಂಕಿಗೆ ಅದು ಭಾರವೂ ಅಲ್ಲ.

ನಮ್ಮ ಉದಾಹರಣೆಯಲ್ಲಿ ಪ್ರಕಟಣೆ ಸೆಪ್ಟೆಂಬರ್ 15ಕ್ಕೆ, ಹರಾಜು ಅಕ್ಟೋಬರ್ 17ಕ್ಕೆ. ಗುತ್ತಿಗೆದಾರರ ಬಿಲ್ಲು ಸೆಪ್ಟೆಂಬರ್ 25ಕ್ಕೆ ಬಂತು ಎಂದರೆ, ಆ ದುಡ್ಡನ್ನು ತೆಗೆದುಕೊಂಡು ಹರಾಜು ನಿಲ್ಲಿಸಿ ಎಂದು ಕೇಳಿಕೊಳ್ಳಬಹುದು, ಹಕ್ಕಿನಿಂದ ಕೇಳಲು ಆಗದು. ಹತ್ತು ದಿನ ಮೊದಲು ಬಂದಿದ್ದರೂ ಸಾಲದು, ಹನ್ನೊಂದು ದಿನ ಮೊದಲು ಬರಬೇಕಿತ್ತು.

ಬಿಡಿಸಿಕೊಳ್ಳುವ ಹಕ್ಕು ಹೋದಮೇಲೂ ಬ್ಯಾಂಕಿನ ಹೊಣೆ ಮುಗಿಯುವುದಿಲ್ಲ. ಈಗ ಅದು ಬೇರೆಯವರ ಆಸ್ತಿಯನ್ನು ಮಾರುತ್ತಿದೆ. ಮ್ಯಾಥ್ಯೂ ವರ್ಗೀಸ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಬ್ಯಾಂಕ್ ಅಡಮಾನದ ಆಸ್ತಿಯನ್ನು ತನಗೆ ತೋಚಿದಂತೆ ಮಾರುವಂತಿಲ್ಲ, ಅದರ ಸ್ಥಾನ ಟ್ರಸ್ಟಿಯ ಹಾಗೆ ಎಂಬ ಅರ್ಥದ ಮಾತು ಹೇಳಿತು. ಇದರ ಅರ್ಥ ಕಾಣುವುದು ಬೆಲೆಯಲ್ಲಿ. ಬ್ಯಾಂಕಿಗೆ ಬರಬೇಕಾದ್ದು, ಬಡ್ಡಿ ಖರ್ಚು ಎಲ್ಲಾ ಸೇರಿ, 33 ಲಕ್ಷ ಎನ್ನಿ. ಮನೆಯ ಮಾರುಕಟ್ಟೆ ಬೆಲೆ 62 ಲಕ್ಷ. 35 ಲಕ್ಷಕ್ಕೆ ಹೋದರೂ ಬ್ಯಾಂಕಿಗೆ ನಷ್ಟವಿಲ್ಲ. ಅಪಾಯ ಇರುವುದೇ ಇಲ್ಲಿ. 33 ಲಕ್ಷದ ಮೇಲೆ ಬರುವ ಒಂದೊಂದು ರೂಪಾಯಿಯೂ ಸಾಲಗಾರರದ್ದು, ಆದರೆ ಅದಕ್ಕಾಗಿ ಶ್ರಮಪಡಬೇಕಾದವರು ಬ್ಯಾಂಕಿನವರು.

ಅದಕ್ಕೇ ನಿಯಮ ಒಂದು ಬೇಲಿ ಹಾಕಿದೆ. ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಬೇಕು, ಅದರ ಮೇಲೆ ಮೀಸಲು ಬೆಲೆ ಗೊತ್ತುಮಾಡಬೇಕು. ಅದಕ್ಕಿಂತ ಕಡಿಮೆಗೆ ಮಾರಬೇಕಾದರೆ ಸಾಲಗಾರರ ಒಪ್ಪಿಗೆಯೂ ಬೇಕು. ಮೌಲ್ಯಮಾಪನದ ವರದಿಯಲ್ಲಿ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆ ಒಂದು, ತುರ್ತು ಮಾರಾಟದ ಬೆಲೆ ಇನ್ನೊಂದು ಇರುತ್ತದೆ. ಎರಡನೆಯದು ಬಹಳ ಕಡಿಮೆ. ಮೀಸಲು ಬೆಲೆ ಯಾವುದರ ಮೇಲೆ ನಿಂತಿದೆ, ವರದಿ ಎಷ್ಟು ಹಳೆಯದು, ಪ್ರಕಟಣೆಯಲ್ಲಿ ಮನೆಯ ವಿವರ ಪೂರ್ತಿ ಇದೆಯಾ ಎಂದು ನೋಡಿ. ಎರಡಂತಸ್ತಿನ ಮನೆಯನ್ನು ಬರೀ ಸೈಟು ಎಂಬಂತೆ ಬರೆದರೆ ಕೂಗುವವರು ಸೈಟಿನ ಬೆಲೆಯನ್ನೇ ಕೂಗುತ್ತಾರೆ. ಇಂಥ ತಪ್ಪು ಕಂಡರೆ ಹರಾಜಿಗೆ ಮೊದಲೇ ಬರೆದು ತಿಳಿಸಬೇಕು. ಮಾರಾಟ ಖಾಯಂ ಆಗಿ ಮೂರನೆಯವರ ಹೆಸರಿಗೆ ಹೋದಮೇಲೆ ಬಿಡಿಸುವುದು ಬಹಳ ಕಷ್ಟ.

ಮೀಸಲು ಬೆಲೆ 46 ಲಕ್ಷ, ಮನೆ 47 ಲಕ್ಷಕ್ಕೆ ಹೋಯಿತು ಎಂದುಕೊಳ್ಳೋಣ. 13(7)ನೇ ಸೆಕ್ಷನ್ ಪ್ರಕಾರ ಆ ದುಡ್ಡನ್ನು ಬ್ಯಾಂಕ್ ಟ್ರಸ್ಟಿನ ದುಡ್ಡಿನ ಹಾಗೆ ಹಿಡಿದಿರಬೇಕು. ಮೊದಲು ಸರಿಯಾಗಿ ಮಾಡಿದ ಖರ್ಚು, ಆಮೇಲೆ ಬಾಕಿ, ಉಳಿದದ್ದು ಹಕ್ಕಿರುವವರಿಗೆ. ಇಲ್ಲಿ 14 ಲಕ್ಷ ಗುತ್ತಿಗೆದಾರರಿಗೆ ಬರಬೇಕು. ಈ ಹಣವನ್ನು ಕೇಳದೇ ಬಿಡುವವರಿದ್ದಾರೆ ಎಂಬುದು ನನಗೆ ತುಂಬಾ ನೋವಿನ ಸಂಗತಿ. ಮನೆ ಹೋದ ದುಃಖದಲ್ಲಿ, ನಾಚಿಕೆಯಲ್ಲಿ, ಬ್ಯಾಂಕಿನ ಕಡೆ ತಲೆ ಹಾಕದೆ ಊರು ಬಿಡುತ್ತಾರೆ. ಬ್ಯಾಂಕ್ ತಾನಾಗಿ ಲೆಕ್ಕ ಕೊಡಬೇಕು. ಕೊಡದಿದ್ದರೆ ಮಾರಾಟದ ಲೆಕ್ಕ ಕೊಡಿ ಎಂದು ಬರೆದು ಕೇಳಬೇಕು. ಜಾಹೀರಾತು, ಮೌಲ್ಯಮಾಪಕರು, ಕಾವಲುಗಾರರು, ವಕೀಲರು ಎಂದು ತೋರಿಸಿದ ಒಂದೊಂದು ಖರ್ಚಿಗೂ ಬಿಲ್ಲು ಕೇಳಬಹುದು. ಉಳಿಕೆಯನ್ನು ವಾಹನ ಸಾಲಕ್ಕೆ ಹಿಡಿದುಕೊಂಡಿದ್ದೇವೆ ಎಂದರೆ, ಒಪ್ಪಂದದಲ್ಲಿ ಅಂಥ ಷರತ್ತು ಇದೆಯಾ ಎಂದು ನೋಡಬೇಕು.

ಕೊನೆಯದಾಗಿ ಗುಟ್ಟಿನ ಮಾತು. ಗ್ರಾಹಕರ ಖಾತೆಯ ವಿಷಯವನ್ನು ಹೊರಗೆ ಹೇಳಬಾರದು ಎಂಬುದು ಬ್ಯಾಂಕಿನ ಹಳೆಯ ಹೊಣೆ. 1924ರಲ್ಲಿ ಇಂಗ್ಲೆಂಡಿನ ಟೂರ್ನಿಯರ್ ಪ್ರಕರಣದಲ್ಲಿ ಖಚಿತವಾದ ಈ ತತ್ವವನ್ನು ನಮ್ಮ ಕೋರ್ಟುಗಳೂ ಒಪ್ಪಿವೆ. ಕಾನೂನು ಹೇಳಿದಾಗ ಹೊರಗೆ ಹೇಳಬಹುದು ಎಂಬುದು ಅದರ ವಿನಾಯಿತಿಗಳಲ್ಲಿ ಒಂದು. ಪತ್ರಿಕೆಯ ಸ್ವಾಧೀನ ನೋಟಿಸ್ ಆ ವಿನಾಯಿತಿಯೊಳಗೆ ಬರುತ್ತದೆ. ಹಾಗಂತ ಪಕ್ಕದ ಮನೆಯವರಿಗೆ, ಅಣ್ಣತಮ್ಮಂದಿರಿಗೆ, ಕೆಲಸ ಕೊಟ್ಟವರಿಗೆ ವಸೂಲಿ ಏಜೆಂಟರು ಫೋನ್ ಮಾಡುವುದು ಬರುವುದಿಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೂ ವಸೂಲಿಗಾಗಿ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಏಜೆಂಟರು ಮಾಡಿದ್ದಕ್ಕೆ ಬ್ಯಾಂಕೇ ಹೊಣೆ. ಇಂಥ ದೂರನ್ನು ಮೊದಲು ಬ್ಯಾಂಕಿಗೆ ಕೊಟ್ಟು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಒಯ್ಯಬಹುದು. ಆದರೆ ಅಲ್ಲಿ ದೂರು ಕೊಟ್ಟಿದ್ದೇನೆ ಎಂದು ಡಿಆರ್‌ಟಿಯ 45 ದಿನವನ್ನು ಬಿಟ್ಟುಕೊಡಬೇಡಿ. ಓಂಬುಡ್ಸ್‌ಮನ್‌ಗೆ ಕೊಟ್ಟ ದೂರು ಹರಾಜನ್ನು ತಡೆಯುವುದಿಲ್ಲ.

ಎಲ್ಲಾ ಸಾಲಕ್ಕೂ ಈ ಕಾಯ್ದೆ ಬರುವುದಿಲ್ಲ ಎಂಬುದನ್ನೂ ನೋಟಿಸ್ ಬಂದ ದಿನವೇ ನೋಡಿಕೊಳ್ಳಬೇಕು. 1 ಲಕ್ಷ ಮೀರದ ಸಾಲ, ಅಸಲು ಬಡ್ಡಿಯಲ್ಲಿ ಶೇ 20ಕ್ಕಿಂತ ಕಡಿಮೆ ಉಳಿದಿರುವ ಸಾಲ, ಕೃಷಿ ಭೂಮಿಯ ಅಡಮಾನ, ಇವು 31ನೇ ಸೆಕ್ಷನ್ ಪ್ರಕಾರ ಹೊರಗೆ. ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಕು ಎಂದಲ್ಲ. ನೆಲವನ್ನು ನಿಜವಾಗಿ ಯಾವುದಕ್ಕೆ ಬಳಸುತ್ತಿದ್ದರು ಎಂಬುದನ್ನು ಕೋರ್ಟು ನೋಡುತ್ತದೆ, ಅದನ್ನು ತೋರಿಸುವ ಹೊರೆ ಸಾಲಗಾರರದ್ದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಡಮಾನ ಮಾಡಿದ ದಿನ ಹೊಲದಲ್ಲಿ ಏನಿತ್ತು ಎಂಬುದಕ್ಕೆ ಬೆಳೆ ದಾಖಲೆ, ಫೋಟೋ, ಗೊಬ್ಬರದ ರಸೀದಿ ಇದ್ದರೆ, ಅವನ್ನು ಆ ಅರ್ಧ ಪುಟದ ಆಕ್ಷೇಪಣೆಯ ಜೊತೆಗೇ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.